ಸಹಾಯ ಬೇಕು: ರಾತ್ರಿ ಪಾಳಿಯವನಿಗೆ ಹಗಲಿನ ಕೆಲಸ

ಪೀಣ್ಯದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಡ್ಯೂಟಿ. ಮಧ್ಯಾಹ್ನ 2ರವರೆಗೆ ನಿದ್ದೆ, ಆಮೇಲೆ ಬಿಡುವು. ಬೈಕಲ್ಲಿ ಊಟ ಡೆಲಿವರಿ ಮಾಡಿ ನೋಡಿದೆ. ಮಧ್ಯಾಹ್ನದ ಊಟದ ಆರ್ಡರ್ ಮುಗಿಯುವ ಹೊತ್ತಿಗೆ ನಾನು ಏಳುತ್ತೇನೆ, ರಾತ್ರಿಯದು ಜೋರಾಗುವಾಗ ಡ್ಯೂಟಿಗೆ ಹೊರಡಬೇಕು. ಪೆಟ್ರೋಲೂ ಗಿಟ್ಟಲಿಲ್ಲ.

ಈಗ ಇಡ್ಲಿ ಹಿಟ್ಟು ಮಾರುವ ಯೋಚನೆ. ಮನೆಗೆ ಬಂದು 7ಕ್ಕೆ ಅಕ್ಕಿ, ಉದ್ದು ನೆನೆಹಾಕಿ ಮಲಗಿದರೆ 2ಕ್ಕೆ ರುಬ್ಬಬಹುದು. ಸಂಜೆ ಒಯ್ದವರ ಮನೆಯಲ್ಲೇ ರಾತ್ರಿ ಹುದುಗು ಬರುತ್ತದೆ, ಬೆಳಗ್ಗೆ ಇಡ್ಲಿ. ನನ್ನ ಟೈಮಿಗೆ ಸರಿ ಹೊಂದುತ್ತೆ ಅಲ್ವಾ?

ಆದರೆ ಬೇಸಿಗೆಯಲ್ಲಿ ಪ್ಯಾಕೆಟ್ ಉಬ್ಬಿ ಒಡೆಯುವ ಭಯ. ಪ್ಯಾಕೆಟ್ಟೋ, ಗಿರಾಕಿಗಳೇ ಪಾತ್ರೆ ತರುವಂತೆ ಮಾಡಲೋ? ದಿನಕ್ಕೆ 10 ಕೆಜಿ ಹಿಟ್ಟಿಗೆ ಎಷ್ಟು ಲೀಟರ್ ಗ್ರೈಂಡರ್ ಬೇಕು? ಮಿಕ್ಕಿದ್ದನ್ನು ಏನು ಮಾಡುತ್ತೀರಿ? ಮಾಡಿದವರಿದ್ದರೆ ಹೇಳಿ. ಫೋನ್ ಸೈಲೆಂಟಲ್ಲಿರುತ್ತೆ, 2ರ ಮೇಲೆ ಉತ್ತರಿಸುತ್ತೇನೆ.