ಅಮ್ಮನ ಪಿಂಚಣಿ ಅಣ್ಣನ ಕೈಯಲ್ಲಿ: ಪಾಸ್‌ಬುಕ್ಕಿನಲ್ಲಿ ಎಂತ ನೋಡಬೇಕು?

ಪ್ರಶ್ನೆ (ಮುಂಬೈಯಲ್ಲಿರುವ ಮಗಳು): ಅಮ್ಮನಿಗೆ 78. ಬ್ರಹ್ಮಾವರದಲ್ಲಿ ಅಣ್ಣನ ಜೊತೆ ಇದ್ದಾರೆ. ಅಪ್ಪ ಕೇಂದ್ರ ಸರಕಾರದ ಕೆಲಸದಲ್ಲಿದ್ದರು, ಅಮ್ಮನಿಗೆ ತಿಂಗಳಿಗೆ 24,000 ಕುಟುಂಬ ಪಿಂಚಣಿ ಬರ್ತದೆ. ಕಾರ್ಡು, ಪಾಸ್‌ಬುಕ್ಕು ಎರಡೂ ಅಣ್ಣನ ಹತ್ತಿರ. ಈ ಸಲ ಹೋದಾಗ ಬಿಪಿ ಮಾತ್ರೆ ಮುಗಿದು ವಾರ ಆಗಿತ್ತು, ಮೆಸ್ಕಾಂ ಬಿಲ್ಲೂ ಬಾಕಿ. ನಾನು ಸುಮ್ಮನೆ ಸಂಶಯ ಪಡ್ತಿದ್ದೇನಾ?

ಕುಂದಾಪುರದ ಸದಸ್ಯರು: ನಮ್ಮ ಮನೆಯಲ್ಲೂ ಅಮ್ಮನ ಪಿಂಚಣಿ ಪೂರ್ತಿ ನಾನೇ ತೆಗೆಯುವುದು. ಅವರಿಗೆ ದುಡ್ಡು ಕೈಯಲ್ಲೇ ಇರಬೇಕು. ಹಾಗಂತ ನಾನು ಕಳ್ಳನಾ? ಒಂದೇ ಕಡೆಯ ಮಾತು ಕೇಳಿ ಅಣ್ಣನ ಮೇಲೆ ಹೇಳಬೇಡಿ.

ಸುರತ್ಕಲ್‌ನ ಸದಸ್ಯರು: ಸುಲಭ ಉಂಟಲ್ಲ, ಖಾತೆಯನ್ನು ನಿಮ್ಮ ಹೆಸರಿಗೂ ಜಂಟಿ ಮಾಡಿಸಿ. ಮೆಸೇಜ್ ನಿಮಗೇ ಬರ್ತದೆ.

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಉಡುಪಿ: ಕುಂದಾಪುರದವರು ಹೇಳಿದ್ದು ಸರಿಯೇ. ಮಗ ಹಣ ತೆಗೆಯುವುದು ತಪ್ಪಿನ ಗುರುತಲ್ಲ. ತೆಗೆದ ಹಣ ಅಮ್ಮನ ಹತ್ತಿರ ತಲುಪಿತಾ ಎಂಬುದೇ ಪ್ರಶ್ನೆ. ಜಂಟಿ ಖಾತೆ ಇಲ್ಲಿ ಆಗುವುದಿಲ್ಲ. ಕೇಂದ್ರದ ಪಿಂಚಣಿಗೆ ಗಂಡ-ಹೆಂಡತಿ ಮಾತ್ರ ಜಂಟಿ ಇರಬಹುದು. ಒಂದು ವೇಳೆ ಆದರೂ ಅಣ್ಣನ ಕೈಯಲ್ಲಿರುವ ಕಾರ್ಡು ಅದರಿಂದ ನಿಲ್ಲುವುದಿಲ್ಲ. ಮೆಸೇಜಿನ ವಿಷಯ ಮಾತ್ರ ಒಳ್ಳೆಯದು ಹೇಳಿದ್ದೀರಿ, ಅದಕ್ಕೆ ಮತ್ತೆ ಬರ್ತೇನೆ.

ಬ್ಯಾಂಕಿನವರು ನಿಮಗೆ ಲೆಕ್ಕ ಕೊಡುವುದಿಲ್ಲ, ಖಾತೆದಾರರಿಗೇ ಕೊಡುವುದು. ಅಮ್ಮನನ್ನು ಒಮ್ಮೆ ಶಾಖೆಗೆ ಕರೆದುಕೊಂಡು ಹೋಗಿ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಕೇಳಿ. ಪಿಂಚಣಿ ಬಿದ್ದ ಎಷ್ಟು ಹೊತ್ತಿಗೆ ಹಣ ಹೋಗ್ತದೆ, ತಿಂಗಳ ಕೊನೆಗೆ ಎಷ್ಟು ಉಳಿಯುತ್ತದೆ, ಅಮ್ಮನಿಗೆ ಗೊತ್ತಿಲ್ಲದ ಕಡಿತ ಯಾವುದು, ಇಷ್ಟು ನೋಡಿದರೆ ಸಾಕು.

ಪ್ರಶ್ನೆ ಕೇಳಿದವರು: ಸ್ಟೇಟ್‌ಮೆಂಟ್ ಸಿಕ್ಕಿತು. ಪ್ರತಿ ತಿಂಗಳೂ ಪಿಂಚಣಿ ಬಿದ್ದ ದಿನವೇ ಮಣಿಪಾಲದ ಎಟಿಎಂನಲ್ಲಿ 10,000ದಂತೆ ಎರಡು ಸಲ. 5ನೇ ತಾರೀಕಿಗೆ 3,650 ಸಾಲದ ಕಂತು. ಉಳಿಯುವುದು 350. ಸಾಲದ ವಿಷಯ ಅಮ್ಮನಿಗೆ ಗೊತ್ತೇ ಇಲ್ಲ.

ನಿವೃತ್ತ ಮ್ಯಾನೇಜರ್: ಮಣಿಪಾಲದ ಎಟಿಎಂ ದೊಡ್ಡ ವಿಷಯವಲ್ಲ, ಅಣ್ಣನ ಕೆಲಸ ಆ ಕಡೆ ಇರಬಹುದು. ನನಗೆ ಕಳವಳ ತರುವುದು ಆ ಕಂತು. 20,000 ತೆಗೆದು ಮನೆಗೆ ಖರ್ಚು ಮಾಡಿದ್ದೇನೆ ಎಂದು ಯಾರು ಬೇಕಾದರೂ ಹೇಳಬಹುದು. ಆದರೆ ಅಮ್ಮನ ಹೆಸರಿನ ಸಾಲ ಅಮ್ಮನಿಗೇ ಗೊತ್ತಿಲ್ಲದಿದ್ದರೆ ಅದಕ್ಕೆ ಬೇರೆ ಸಮಾಧಾನ ಸಿಗುವುದು ಕಷ್ಟ. ಸಾಲದ ಅರ್ಜಿಯ ಪ್ರತಿಯನ್ನು ಅಮ್ಮನೇ ಲಿಖಿತವಾಗಿ ಕೇಳಲಿ. ಸಹಿ ಹಾಕಿ ಆದದ್ದಾ, ಮೊಬೈಲಿಗೆ ಬಂದ ಒಟಿಪಿಯಿಂದ ಆದದ್ದಾ ತಿಳಿಯಬೇಕು.

ಖಾತೆಗೆ ಜೋಡಿಸಿದ ನಂಬರು ಯಾರದ್ದು ಎಂದು ಕೇಳಿದ್ರಾ?

ಪ್ರಶ್ನೆ ಕೇಳಿದವರು: ಕೇಳಿದೆ. ಅಣ್ಣನದ್ದು.

ನಿವೃತ್ತ ಮ್ಯಾನೇಜರ್: ಹಾಗಾದರೆ ಮೊದಲು ಕಾರ್ಡು ಬ್ಲಾಕ್ ಮಾಡಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಕಾರ್ಡು ನಿಲ್ಲಿಸಿದರೂ ಯುಪಿಐ ಆ ಸಿಮ್ಮಿನಲ್ಲಿ ನಡೆಯುತ್ತಲೇ ಇರುತ್ತದೆ, ಬ್ಲಾಕಿನ ಮೆಸೇಜೂ ಅಣ್ಣನಿಗೇ ಹೋಗುತ್ತದೆ. ಮೊದಲು ಅಮ್ಮನ ಸಹಿಯ ಅರ್ಜಿ ಕೊಟ್ಟು ನಂಬರು ಬದಲಿಸಿ. ಬದಲಾದದ್ದು ಖಚಿತವಾದ ಮೇಲೆ ಅದೇ ಕೌಂಟರಿನಲ್ಲಿ ಯುಪಿಐ, ನೆಟ್ ಬ್ಯಾಂಕಿಂಗ್, ಕಾರ್ಡು, ಚೆಕ್ ಪುಸ್ತಕ ನಿಲ್ಲಿಸಿ. ಎಲ್ಲದಕ್ಕೂ ಸ್ವೀಕೃತಿ ಸೀಲು ಹಾಕಿಸಿ. ಅಣ್ಣನಿಗೆ ಅಧಿಕಾರಪತ್ರ ಕೊಟ್ಟದ್ದಿದ್ದರೆ ಅದನ್ನು ಹಿಂಪಡೆದ ಪತ್ರವೂ ಅದರ ಜೊತೆಗೇ ಹೋಗಲಿ. ಅಮ್ಮನಿಗೆ 70 ದಾಟಿರುವುದರಿಂದ ಮನೆಗೇ ಹಣ ತಂದುಕೊಡುವ ಸೇವೆ ಉಂಟಾ ಎಂದೂ ಶಾಖೆಯಲ್ಲಿ ವಿಚಾರಿಸಿ.

ಬಂಟ್ವಾಳದ ಸದಸ್ಯರು: ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ತದಲ್ಲ, ಅದನ್ನು ಹಾಗೇ ಬಿಟ್ಟರಾಯ್ತು.

ನಿವೃತ್ತ ಮ್ಯಾನೇಜರ್: ಬೇಡ ಮಾರಾಯ್ರೆ, ಔಷಧಿಯೂ ನಿಂತೀತು.

ಪ್ರಶ್ನೆ ಕೇಳಿದವರು: ಅಮ್ಮ ಹೇಳುವುದು, "ಅವನೇ ನೋಡಿಕೊಳ್ಳುವವನು, ಬಿಡು" ಅಂತ.

ವಕೀಲರು, ಮಂಗಳೂರು: ಅವರನ್ನು ಅಣ್ಣನಿಲ್ಲದಾಗ ಕೇಳಿ, ಮೊತ್ತ ಹೇಳಿಯೇ ಕೇಳಿ: ತಿಂಗಳಿಗೆ 24,000 ಬಂದು 350 ಉಳಿಯುತ್ತದೆ, ಒಪ್ಪಿಗೆಯಾ? ತಿಳಿದೇ ಒಪ್ಪಿದರೆ ಅವರ ಹಣ, ಅವರ ಇಷ್ಟ. ಹೆದರಿ ಒಪ್ಪುತ್ತಿದ್ದರೆ 14567ಕ್ಕೆ ಫೋನ್ ಮಾಡಬಹುದು, ಅದು ಹಿರಿಯರ ಸಹಾಯವಾಣಿ. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಡಿ ಕುಂದಾಪುರದ ಸಹಾಯಕ ಆಯುಕ್ತರಿಗೆ ಅರ್ಜಿ ಕೊಡಬಹುದು. ಅಲ್ಲಿ ಮುಖ್ಯವಾಗಿ ಸಿಗುವುದು ಜೀವನಾಂಶದ ಆದೇಶ. ಹೋದ ಹಣ ವಾಪಸ್ ತರುವುದು ಬೇರೆ ದಾವೆ.

ಪ್ರಶ್ನೆ ಕೇಳಿದವರು: ಮೊತ್ತ ಹೇಳಿದಾಗ ಅಮ್ಮ ಎಂತದೂ ಹೇಳಲಿಲ್ಲ. ನಾಡಿದ್ದು ಬ್ಯಾಂಕಿಗೆ ಬರ್ತೇನೆ ಅಂದರು. ಅಣ್ಣನಿಗೆ ಯಾವಾಗ ಹೇಳುವುದು ಅಂತ ಇನ್ನೂ ಗೊತ್ತಾಗ್ತಿಲ್ಲ.