ಟೆಕ್ನಿಕಲ್ ಗೊತ್ತಿಲ್ಲದ ಗಿರಾಕಿಗೆ ಸ್ಕ್ರೀನ್‌ಶಾಟ್ ಕೇಳುವುದು ಹೇಗೆ? ಮೆಸೇಜ್ ಬರೆದುಕೊಡಿ

ಗಲ್ಲಾಪೆಟ್ಟಿಗೆ:
ಚಿಕ್ಕ ಬಿಲ್ಲಿಂಗ್ ಆ್ಯಪ್ ಒಂದಕ್ಕೆ ಸಪೋರ್ಟ್ ಮಾಡ್ತೀನಿ, ಗಿರಾಕಿಗಳೆಲ್ಲ ಅಂಗಡಿಯವರು. ಹಾರ್ಡ್‌ವೇರ್ ಅಂಗಡಿಯ ಯಜಮಾನರೊಬ್ಬರಿದ್ದಾರೆ, ಅರವತ್ತು ದಾಟಿದೆ, ಆಂಡ್ರಾಯ್ಡ್ ಫೋನು. ಬಿಲ್ ಸೇವ್ ಆಗ್ತಿಲ್ಲ ಅಂದ್ರು. ನಾನು ಹೀಗೆ ಕಳಿಸಿದೆ:

> ಸರ್, ದಯವಿಟ್ಟು ಎರರ್‌ನ ಸ್ಕ್ರೀನ್‌ಶಾಟ್ ಪೂರ್ತಿ ಡೀಟೇಲ್ಸ್ ಸಮೇತ ಕಳುಹಿಸಿ.

ಮೊದಲು ಹೆಬ್ಬೆರಳು ಬಂತು. ಒಂದು ಗಂಟೆ ಬಿಟ್ಟು ಅಂಗಡಿ ಬೋರ್ಡಿನ ಫೋಟೋ, ಕೆಳಗೆ ಜಿಎಸ್‌ಟಿ ನಂಬರ್. ಪಾಪ, 'ಪೂರ್ತಿ ಡೀಟೇಲ್ಸ್' ಅಂದರೆ ಅಂಗಡಿಯ ಡೀಟೇಲ್ಸ್ ಅಂದುಕೊಂಡಿದ್ದಾರೆ. ಮತ್ತೆ ಕೇಳಿದ್ದಕ್ಕೆ ಮಗನ ಕೈಲಿ ಸ್ಕ್ರೀನ್‌ಶಾಟ್ ತೆಗೆಸಿ, ನೀಟಾಗಿ ಕತ್ತರಿಸಿ, 'ಸೇವ್ ಆಗಲಿಲ್ಲ' ಅನ್ನೋ ಒಂದೇ ಸಾಲು ಕಳಿಸಿದ್ರು. ನನಗೆ ಬೇಕಿದ್ದದ್ದು ಅದರ ಕೆಳಗೆ ಸಣ್ಣಕ್ಷರದಲ್ಲಿರೋ ಕೋಡು. ಮೂರನೇ ಸಲ ಕೇಳೋಕೆ ಮುಜುಗರ. ಹೇಗೆ ಬರೆಯಲಿ?

ನಿದ್ದೆಗಣ್ಣು:
ನನಗೂ ಇದೇ ತೊಂದರೆ! ಬ್ಯಾಂಕ್ ಆ್ಯಪ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಬರೀ ಕಪ್ಪು ಬರುತ್ತೆ. ಫೋನ್ ಹಾಳಾಗಿದೆಯಾ?

ಕಂಪ್ಯೂಟರ್_ಮೇಷ್ಟ್ರು:
ಗುರು, ಸಿಂಪಲ್. ವಿಂಡೋಸ್ ಕೀ ಜೊತೆ `PrtSc` ಒತ್ತಿ ಅನ್ನಿ. ಸ್ಕ್ರೀನ್ ಒಂದು ಕ್ಷಣ ಮಬ್ಬಾಗುತ್ತೆ, ಚಿತ್ರ ತಾನಾಗೇ `Pictures` ಒಳಗಿನ `Screenshots` ಫೋಲ್ಡರ್‌ಗೆ ಹೋಗುತ್ತೆ. ಅದನ್ನ ಕಳಿಸಿದರಾಯ್ತು.

ಮಲೆನಾಡ್_ಮಳೆ:
ಮೇಷ್ಟ್ರೇ, ಅವರದು ಫೋನು. ಕಂಪ್ಯೂಟರ್ ಆಗಿದ್ದರೂ ನೀವು ಹೇಳಿದ್ದು ಅರ್ಧ ದಾರಿ ಅಷ್ಟೇ. ಚಿತ್ರ ಕಂಪ್ಯೂಟರಿನಲ್ಲಿ ಕೂತಿರುತ್ತೆ, ಅಂಗಡಿಯವರ ವಾಟ್ಸಾಪ್ ಜೇಬಿನಲ್ಲಿರುತ್ತೆ. ಅದನ್ನ ಇಲ್ಲಿಗೆ ತರೋಕೆ ಇನ್ನೊಂದು ಪಾಠ ಬೇಕು. ಅದಕ್ಕಿಂತ 'ನೇರವಾಗಿ ಎದುರು ನಿಂತು, ಫ್ಲ್ಯಾಶ್ ಇಲ್ಲದೆ, ಮಾನಿಟರಿನ ನಾಲ್ಕೂ ಮೂಲೆ ಕಾಣೋ ಹಾಗೆ ಫೋನಿನಲ್ಲಿ ಫೋಟೋ ತೆಗೀರಿ' ಅಂದರೆ ಎಷ್ಟೋ ಸಲ ಸಾಕಾಗುತ್ತೆ.

ನಿದ್ದೆಗಣ್ಣು ಅವರೇ, ಫೋನ್ ಚೆನ್ನಾಗೇ ಇದೆ. ಆ ಆ್ಯಪ್ ಮಾಡಿದವರೇ ಬೇಕಂತ ಸ್ಕ್ರೀನ್‌ಶಾಟ್ ತಡೆದಿದ್ದಾರೆ, ನಿಮ್ಮ ದುಡ್ಡಿನ ವಿವರ ಆಚೆ ಹೋಗಬಾರದು ಅಂತ.

ಗಲ್ಲಾಪೆಟ್ಟಿಗೆ, ನಿಮ್ಮ ಮೆಸೇಜಿನಲ್ಲಿ ವಿನಯಕ್ಕೆ ಕೊರತೆ ಇಲ್ಲ. ಆದರೆ ಯಾವಾಗ ತೆಗೀಬೇಕು, ಏನು ಕಾಣಬೇಕು, ಬೆರಳು ಎಲ್ಲಿಡಬೇಕು, ಮೂರೂ ಹೇಳಿಲ್ಲ. ಯಾವಾಗ ಅನ್ನೋದನ್ನ ಎಲ್ಲರೂ ಮರೀತಾರೆ. ಜನ ಮೊದಲು 'ಸರಿ' ಒತ್ತಿ ಆ ಡಬ್ಬಿ ಮುಚ್ಚಿ, ಆಮೇಲೆ ಖಾಲಿ ಪರದೆಯ ಚಿತ್ರ ಕಳಿಸ್ತಾರೆ. ನಾನಾಗಿದ್ದರೆ ಹೀಗೆ ಬರೀತಿದ್ದೆ:

> ನಮಸ್ಕಾರ ಸರ್. ಬಿಲ್ ಸೇವ್ ಆಗದಿರೋದನ್ನ ನೋಡ್ತಾ ಇದ್ದೇನೆ. ನೀವು ಕಳಿಸಿದ ಚಿತ್ರ ಸಿಕ್ಕಿತು, ಅದರ ಕೆಳಗಿನ ಸಣ್ಣ ನಂಬರ್ ಕೂಡ ಕಂಡರೆ ಕಾರಣ ಬೇಗ ಗೊತ್ತಾಗುತ್ತೆ. ಬಿಡುವಾದಾಗ ಇಷ್ಟು ಮಾಡ್ತೀರಾ?
>
> 1. ಬಿಲ್ ಸೇವ್ ಮಾಡಿ. ಕೆಂಪು ಮೆಸೇಜ್ ಬಂದ ಮೇಲೆ ಏನೂ ಒತ್ತಬೇಡಿ, ಹಾಗೇ ಬಿಡಿ.
> 2. ಫೋನ್ ಆನ್ ಮಾಡೋ ಬಟನ್, ಸೌಂಡ್ ಕಮ್ಮಿ ಮಾಡೋ ಬಟನ್, ಎರಡನ್ನೂ ಒಟ್ಟಿಗೆ ಒತ್ತಿ ಬಿಡಿ. ಸ್ಕ್ರೀನ್ ಒಮ್ಮೆ ಮಿನುಗಿದರೆ ಫೋಟೋ ಬಂತು ಅಂತ.
> 3. ಇಲ್ಲಿಗೇ ವಾಪಸ್ ಬಂದು, ಬರೆಯೋ ಜಾಗದ ಪಕ್ಕದ ಪೇಪರ್ ಕ್ಲಿಪ್ ಗುರುತು ಒತ್ತಿ. ಗ್ಯಾಲರಿಯಲ್ಲಿ ಹೊಸ ಫೋಟೋ ಮೊದಲೇ ಇರುತ್ತೆ, ಅದನ್ನ ಕಳಿಸಿ. ಕತ್ತರಿಸಬೇಡಿ, ಮೇಲಿನ ಟೈಮು, ಟವರ್ ಗುರುತು ಎಲ್ಲ ಇರಲಿ.
>
> ಆಗಲಿಲ್ಲ ಅಂದರೆ ಇನ್ನೊಂದು ಫೋನಿನಲ್ಲಿ ಫೋಟೋ ತೆಗೆದು ಕಳಿಸಿದರೂ ನಡೆಯುತ್ತೆ. ಓಟಿಪಿ, ಪಾಸ್‌ವರ್ಡ್ ನನಗೆ ಬೇಡ, ಅವು ಕಾಣ್ತಾ ಇದ್ದರೆ ಕಳಿಸಬೇಡಿ.

'ಸ್ಕ್ರೀನ್‌ಶಾಟ್' ಅನ್ನೋ ಮಾತೇ ಇದರಲ್ಲಿ ಇಲ್ಲ, ನೋಡಿ. ಗೊತ್ತಿದ್ದವರಿಗೆ ಹೇಗೂ ಅರ್ಥ ಆಗುತ್ತೆ, ಗೊತ್ತಿಲ್ಲದವರು ಆ ಪದದ ಹತ್ತಿರವೇ ನಿಂತುಬಿಡ್ತಾರೆ. ಮೊದಲ ಚಿತ್ರ ತಪ್ಪು ಅಂತಲೂ ಹೇಳಿಲ್ಲ. ಮಗ ಕಷ್ಟಪಟ್ಟು ಕತ್ತರಿಸಿದ್ದಾನೆ ಅಲ್ವಾ?

ಕಂಪ್ಯೂಟರ್_ಮೇಷ್ಟ್ರು:
ಫೋನ್ ಅಂತ ಓದಲೇ ಇಲ್ಲ, ತಪ್ಪಾಯ್ತು. ಆದರೂ ಐಫೋನಿನದ್ದನ್ನೂ ಅದೇ ಮೆಸೇಜಿಗೆ ಸೇರಿಸಿಬಿಡಿ, ಎಲ್ಲರಿಗೂ ಒಂದೇ ಕಳಿಸಬಹುದು.

ಮಲೆನಾಡ್_ಮಳೆ:
ಬೇಡವೇ ಬೇಡ. ಎರಡು ದಾರಿ ಕೊಟ್ಟರೆ ತನ್ನದಲ್ಲದ್ದನ್ನೇ ಮೊದಲು ಮಾಡಿ ನೋಡ್ತಾರೆ. ಹೋಮ್ ಬಟನ್ ಇಲ್ಲದ ಐಫೋನ್ ಆದರೆ ಪಕ್ಕದ ಬಟನ್ ಮತ್ತು ಸೌಂಡ್ *ಜಾಸ್ತಿ* ಮಾಡೋ ಬಟನ್, ಆಂಡ್ರಾಯ್ಡ್‌ಗೆ *ಕಮ್ಮಿ* ಮಾಡೋದು. ಎರಡೂ ಒಂದೇ ಮೆಸೇಜಿನಲ್ಲಿದ್ದರೆ ಗೊಂದಲ ಖಂಡಿತ. ಹೋಮ್ ಬಟನ್ ಇರೋ ಹಳೇ ಐಫೋನಿಗೆ ಮತ್ತೆ ಬೇರೆ, ಅದರಲ್ಲಿ ಆನ್ ಮಾಡೋ ಬಟನ್ ಜೊತೆ ಹೋಮ್ ಒತ್ತಬೇಕು. ಮೂರು ಮೆಸೇಜ್ ಬರೆದಿಟ್ಟುಕೊಳ್ಳಿ, ಆಯಾ ಗಿರಾಕಿಗೆ ಅವರದ್ದು ಮಾತ್ರ ಕಳಿಸಿ.

ಗಲ್ಲಾಪೆಟ್ಟಿಗೆ:
ಕಳಿಸಿದೆ. ಈಗ ಫೋನ್ ಮಾಡಿ, 'ಒತ್ತಿದರೆ ಸ್ಕ್ರೀನೇ ಆಫ್ ಆಗುತ್ತಲ್ಲಪ್ಪ' ಅಂತಾರೆ.

ಮಲೆನಾಡ್_ಮಳೆ:
ಆನ್ ಬಟನ್ ಒಂದು ಚೂರು ಮೊದಲು ಬೀಳ್ತಾ ಇದೆ. ಸೌಂಡ್ ಪಟ್ಟಿ ಮಾತ್ರ ಬಂದರೆ ಇನ್ನೊಂದು ಮೊದಲು ಬಿದ್ದಿದೆ ಅಂತ. ಫೋನನ್ನ ಮೇಜಿನ ಮೇಲಿಟ್ಟು ಎರಡು ಕೈಯಲ್ಲಿ ಒತ್ತೋಕೆ ಹೇಳಿ. ಬೆರಳು ನಡುಗೋರಿಗೆ ಬಟನ್ ಬಿಟ್ಟುಬಿಡಿ. ಮೇಲಿಂದ ಪರದೆ ಎಳೆದರೆ ಟಾರ್ಚ್, ವೈಫೈ ಇರುತ್ತಲ್ಲ, ತುಂಬಾ ಫೋನುಗಳಲ್ಲಿ ಅಲ್ಲೇ ಸ್ಕ್ರೀನ್‌ಶಾಟ್ ಗುರುತೂ ಇರುತ್ತೆ. ಎಲ್ಲದರಲ್ಲೂ ಇರಲ್ಲ, ಅದಕ್ಕೇ ಮೊದಲ ಮೆಸೇಜಿಗೆ ಹಾಕಲಿಲ್ಲ.

ಅಡಿಕೆ_ಲೆಕ್ಕ:
ಇಷ್ಟೆಲ್ಲ ಯಾಕೆ? ಸ್ಕ್ರೀನ್ ಶೇರ್ ಆ್ಯಪ್ ಹಾಕಿಸಿ ನೀವೇ ನೋಡಿ, ಎರಡು ನಿಮಿಷದ ಕೆಲಸ.

ಮಲೆನಾಡ್_ಮಳೆ:
ಹಾಗೆ ಆ್ಯಪ್ ಹಾಕಿಸಿಯೇ ಮೋಸಗಾರರು ಜನರ ಖಾತೆ ಖಾಲಿ ಮಾಡ್ತಿರೋದು. ಗಿರಾಕಿಗೆ ಅದನ್ನ ನಾವೇ ಅಭ್ಯಾಸ ಮಾಡಿಸೋದು ನನಗೆ ಒಪ್ಪಿಗೆ ಇಲ್ಲ.

ಅಡಿಕೆ_ಲೆಕ್ಕ:
ಗುರುತಿರೋ ಗಿರಾಕಿ ಆದರೆ ಏನು ತೊಂದರೆ? ನಾನಂತೂ ಮಾಡ್ತೀನಿ.

ಗಲ್ಲಾಪೆಟ್ಟಿಗೆ:
ಬಂತು! ಮೇಜಿನ ಮೇಲಿಟ್ಟು ಒತ್ತಿದ್ದಕ್ಕೆ ಮೊದಲ ಸಲವೇ ಸಿಕ್ಕಿತಂತೆ. ಕತ್ತರಿಸಿಲ್ಲ. ಕೋಡು ಓದೋಕೂ ಮೊದಲೇ ಮೇಲೆ ನೋಡಿದರೆ ಟವರ್ ಗುರುತು ಪೂರ್ತಿ ಖಾಲಿ. ಬಿಲ್ ಎಲ್ಲಿ ನಿಂತು ಹಾಕಿದ್ರಿ ಅಂತ ಕೇಳಿದೆ. ಹಿಂದಿನ ಗೋಡೌನಿನಲ್ಲಿ, ಸಿಮೆಂಟ್ ಮೂಟೆ ಎಣಿಸ್ತಾ. ಅಲ್ಲಿ ನೆಟ್ ಇಲ್ಲ. ಮುಂದೆ ಗಲ್ಲಾಕ್ಕೆ ಬಂದು ವಾಟ್ಸಾಪ್ ಕಳಿಸಿದ್ದಾರೆ, ಅದು ಸಲೀಸಾಗಿ ಹೋಗಿದೆ, ಹಾಗಾಗಿ ನೆಟ್ ಇದೆ ಅಂತಲೇ ನಾನೂ ಅಂದುಕೊಂಡಿದ್ದೆ. ಮಗ ಕತ್ತರಿಸಿ ಬಿಸಾಕಿದ್ದು ಇದೇ ಪಟ್ಟಿಯನ್ನ. ಕೆಳಗಿನ ಕೋಡೂ ನೆಟ್ ಸಿಗದೇ ಇದ್ದಾಗ ಬರೋದೇ.

ಆದರೆ ಹೋದ ವಾರ ಗಲ್ಲಾದ ಹತ್ತಿರ ನಿಂತಾಗಲೂ ಒಂದು ಸಲ ಹೀಗೇ ಆಗಿತ್ತು ಅಂತಾರೆ. ಆಗ ಮೆಸೇಜ್ ಬಂದು ಎರಡು ಸೆಕೆಂಡಿನಲ್ಲಿ ತಾನೇ ಮಾಯವಾಯಿತಂತೆ. ಅಷ್ಟರಲ್ಲಿ ಬಟನ್ ಒತ್ತೋದು ನನ್ನ ಕೈಲೂ ಆಗಲ್ಲ. ಅದಕ್ಕೆ ಏನು ಕೇಳಲಿ?

ಮಲೆನಾಡ್_ಮಳೆ:
ಅದಕ್ಕೆ ಚಿತ್ರ ಕೇಳಬೇಡಿ. ಇನ್ನೊಂದು ಫೋನಿನಲ್ಲಿ, ಸೇವ್ ಒತ್ತೋಕೆ ಮೊದಲಿಂದ ವಿಡಿಯೋ ಹಿಡಿಯೋಕೆ ಮಗನಿಗೆ ಹೇಳಿ, ನೀವು ಆಮೇಲೆ ತಡೆದು ತಡೆದು ನೋಡಬಹುದು. ಮತ್ತೆ ಬಂದಾಗ ತಾನೇ ಅದೂ ಆಗೋದು. ಅಲ್ಲಿಯವರೆಗೆ 'ಮತ್ತೆ ಹಾಗಾದರೆ ಎಷ್ಟು ಗಂಟೆಗೆ ಅಂತ ಮಾತ್ರ ಬರೆದು ಹಾಕಿ ಸರ್' ಅನ್ನಿ, ಸರ್ವರ್ ಲಾಗ್‌ನಲ್ಲಿ ಆ ಹೊತ್ತಿಗೆ ಏನಾದರೂ ಸಿಗುತ್ತಾ ನೋಡಿ.

ನಿದ್ದೆಗಣ್ಣು:
ಸರಿ, ಆದರೆ ಬ್ಯಾಂಕಿನವರೇ ಸ್ಕ್ರೀನ್‌ಶಾಟ್ ಕಳಿಸಿ ಅಂತಿದ್ದಾರಲ್ಲ, ಈಗ ಏನು ಮಾಡಲಿ?

ಗಲ್ಲಾಪೆಟ್ಟಿಗೆ:
ಯಾರು ಕೇಳ್ತಿದ್ದಾರೆ, ಫೋನಿನಲ್ಲಾ? ಏನೂ ಕಳಿಸಬೇಡಿ ಮಾರಾಯ್ರೇ. ಮೊದಲು ಬ್ಯಾಂಕಿಗೆ ಹೋಗಿ ವಿಚಾರಿಸಿ.