ಫೋನಿನ ಕಂತು ಮೊದಲೇ ಮುಗಿಸಿದರೆ ಆಟೋ ಡೆಬಿಟ್ ತಾನಾಗಿ ನಿಲ್ಲುತ್ತದಾ?

ಪ್ರಶ್ನೆ (ಬದಿಯಡ್ಕ): 24,000 ರೂಪಾಯಿಯ ಫೋನ್, ಬಡ್ಡಿ ಇಲ್ಲದ ಸ್ಕೀಮು. ತಿಂಗಳಿಗೆ 2,000ದಂತೆ 12 ಕಂತು, 7 ಕಟ್ಟಿ ಆಯಿತು. ಅಡಿಕೆ ದುಡ್ಡು ಬಂದಿದೆ, ಉಳಿದದ್ದನ್ನು ಒಟ್ಟಿಗೆ ಮುಗಿಸೋಣ ಅಂತ. ಮುಂದಿನ ಕಂತು 5ಕ್ಕೆ, ಇವತ್ತು 3. ಚಾರ್ಜು ಬೀಳುತ್ತದಾ? ಆಮೇಲೆ ಖಾತೆಯಿಂದ ಹಣ ಹೋಗದ ಹಾಗೆ ಏನು ಮಾಡಬೇಕು?

ಕುಂಬಳೆಯಿಂದ: ಈಗ ಚಾರ್ಜೇ ಇಲ್ಲ ಅಣ್ಣ. ರಿಸರ್ವ್ ಬ್ಯಾಂಕ್ ತೆಗೆದುಹಾಕಿದೆ, ಪೇಪರಿನಲ್ಲಿ ಬಂದಿತ್ತು.

ಸಾಲದ ಕಂಪನಿಯಲ್ಲಿ ಕೆಲಸ, ಕಾಸರಗೋಡು: ಪೇಪರಿನಲ್ಲಿ ಬಂದದ್ದು ನಿಜ. ಆದರೆ ಅದು 2026ರ ಜನವರಿ 1ರಿಂದ ಮಂಜೂರಾದ, ಬಡ್ಡಿ ಏರಿಳಿಯುವ ಸಾಲಗಳಿಗೆ. ಫೋನಿನ ಸಾಲಕ್ಕೆ ಸಾಮಾನ್ಯವಾಗಿ ಬಡ್ಡಿ ಮೊದಲೇ ನಿಗದಿ ಆಗಿರುತ್ತದೆ. ಸಾಲ ಕೊಟ್ಟಾಗ ಬಂದ, ಬಡ್ಡಿ ಚಾರ್ಜು ಎಲ್ಲ ಬರೆದಿರುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ತೆಗೆದು ನೋಡಿ. ಅದರಲ್ಲಿ ಬರೆಯದ ಚಾರ್ಜನ್ನು ನಿಮ್ಮ ಒಪ್ಪಿಗೆ ಇಲ್ಲದೆ ಹಾಕುವ ಹಾಗಿಲ್ಲ. ನಿಮಗೆ ಅರ್ಥವಾಗುವ ಭಾಷೆಯಲ್ಲೇ ಅದನ್ನು ಕೊಡಬೇಕು ಅಂತಲೂ ನಿಯಮ ಇದೆ. ನಮ್ಮ ಕಡೆಯವರು ಕನ್ನಡದಲ್ಲಿ ಕೇಳುವುದೇ ಇಲ್ಲ, ಕೇಳಬೇಕು.

ಅದರಲ್ಲಿ ಮೊದಲೇ ಮುಗಿಸುವ ಚಾರ್ಜು 4% ಅಂತ ಇದೆ ಅಂತ ಇಟ್ಟುಕೊಳ್ಳಿ. ಉಳಿದ 10,000ಕ್ಕೆ 400, ಅದರ ಮೇಲೆ 18% ಜಿಎಸ್‌ಟಿ 72. ಬಡ್ಡಿ ಇಲ್ಲದ ಸ್ಕೀಮಿನಲ್ಲಿ ಉಳಿಯುವುದು ಏನೂ ಇಲ್ಲ, ಸುಮ್ನೆ 472 ಜಾಸ್ತಿ ಕೊಟ್ಟ ಹಾಗೆ. ಹಣ ಖಾತೆಯಲ್ಲೇ ಇಟ್ಟು ಕಂತು ನಡೆಯಲು ಬಿಡುವುದು ಲಾಭ. ಬಡ್ಡಿ ಇರುವ ಸಾಲವಾದರೆ ಲೆಕ್ಕ ಬೇರೆ.

ಆದರೂ ಮುಗಿಸುತ್ತೀರಾದರೆ ಇವತ್ತು ಬೇಡ. 5ರ ಕಂತಿನ ಬೇಡಿಕೆ ಈಗಾಗಲೇ ಬ್ಯಾಂಕಿನ ಕಡೆಗೆ ಹೋಗಿರಬಹುದು. ಇವತ್ತು ಪೂರ್ತಿ ಕಟ್ಟಿದರೂ 5ಕ್ಕೆ ಮತ್ತೆ 2,000 ಹೋದೀತು. ಆ ಕಂತು ಹೋದ ಮೇಲೆ ಕಂಪನಿಯಲ್ಲಿ ಫೋರ್‌ಕ್ಲೋಷರ್, ಅಂದರೆ ಸಾಲ ಮೊದಲೇ ಮುಚ್ಚುವ ಸ್ಟೇಟ್‌ಮೆಂಟ್ ಕೇಳಿ. ಅದರಲ್ಲಿ ಕಟ್ಟಬೇಕಾದ ಮೊತ್ತ ಮತ್ತು ಅದು ಎಲ್ಲಿವರೆಗೆ ನಡೆಯುತ್ತದೆ ಅನ್ನುವ ತಾರೀಕು ಇರುತ್ತದೆ. ಅಷ್ಟನ್ನೇ, ಆ ತಾರೀಕಿನೊಳಗೆ, ಕಂಪನಿಯ ಆ್ಯಪ್‌ನಲ್ಲಿ ಫೋರ್‌ಕ್ಲೋಷರ್ ಅಂತ ಇರುವ ಕಡೆಯೇ ಕಟ್ಟಿ. ಮುಂಗಡ ಕಂತು ಅಂತ ಹೋದರೆ ಸಾಲ ಮುಚ್ಚದೆ ಉಳಿಯಬಹುದು. ಫೋನ್ ಕೊಟ್ಟ ಅಂಗಡಿಯವರ ಕೈಗೆ ಕೊಡಬೇಡಿ.

ಉಪ್ಪಳದಿಂದ: ನನ್ನ ಫ್ರಿಜ್ಜಿನ ಸಾಲ ಮುಗಿದ ಮೇಲೂ ಒಂದು ಕಂತು ಹೋಯಿತು. ಬ್ಯಾಂಕಿನವರು ಕಂಪನಿಗೆ ಹೇಳಿ ಅಂದರು, ಕಂಪನಿಯವರು ಬ್ಯಾಂಕಿಗೆ ಹೇಳಿ ಅಂದರು. ಖಾತೆ ಖಾಲಿ ಮಾಡಿ ಇಡುವುದೇ ಒಳ್ಳೆಯದು.

ಕಾಸರಗೋಡು: ಖಾಲಿ ಮಾಡಬೇಡಿ ಅಕ್ಕ, ಬೌನ್ಸ್ ಆದರೆ ಬ್ಯಾಂಕೂ ಚಾರ್ಜು ಹಾಕುತ್ತದೆ. ಹೆಚ್ಚು ಹೋದದ್ದನ್ನು ವಾಪಸ್ ಕೊಡಬೇಕಾದವರು ಕಂಪನಿಯವರು. ಪಾಸ್‌ಬುಕ್ಕಿನ ಆ ಸಾಲು ಮತ್ತು ಸಾಲ ಮುಗಿದಿದೆ ಅಂತ ಕಂಪನಿ ಕೊಡುವ ಎನ್‌ಒಸಿ ಸೇರಿಸಿ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಸರಿಹೋಗದಿದ್ದರೆ cms.rbi.org.inನಲ್ಲಿ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹಾಕಬಹುದು.

ಬದಿಯಡ್ಕದವರು ಕೂಡ ಎನ್‌ಒಸಿ ಕೈಗೆ ಬಂದ ಮೇಲೆ ಬ್ಯಾಂಕಿಗೆ ಹೋಗಿ ಮ್ಯಾಂಡೇಟ್, ಅಂದರೆ ಆಟೋ ಡೆಬಿಟ್‌ಗೆ ನೀವು ಕೊಟ್ಟ ಒಪ್ಪಿಗೆ, ರದ್ದು ಮಾಡಿಸಿ. ಅದಕ್ಕೆ ಯುಎಂಆರ್‌ಎನ್ ಅನ್ನುವ ಮ್ಯಾಂಡೇಟಿನ ನಂಬರ್ ಬೇಕು, ನೆಟ್ ಬ್ಯಾಂಕಿಂಗ್‌ನಲ್ಲಿ ಅಥವಾ ಕಂಪನಿಯ ಆ್ಯಪ್‌ನಲ್ಲಿ ಸಿಗುತ್ತದೆ. ಯುಪಿಐ ಆಟೋಪೇ ಆದರೆ ನಿಮ್ಮ ಯುಪಿಐ ಆ್ಯಪ್‌ನಲ್ಲಿ ನೀವೇ ತೆಗೆಯಬಹುದು. ಸಾಲ ಮುಗಿಯುವ ಮೊದಲು ಮಾತ್ರ ಮುಟ್ಟಬೇಡಿ.

ಬದಿಯಡ್ಕ: ಅಮ್ಮನಿಗೆ ಮಿಕ್ಸಿ ತೆಗೆದದ್ದೂ ಅದೇ ಕಂಪನಿಯಲ್ಲಿ, ಅದೇ ಖಾತೆ. ರದ್ದು ಮಾಡಿದರೆ ಅದರ ಕಂತು?

ಕಾಸರಗೋಡು: ಒಳ್ಳೆಯದಾಯಿತು ಕೇಳಿದ್ದು. ಎರಡಕ್ಕೂ ಒಂದೇ ಯುಎಂಆರ್‌ಎನ್ ಇದ್ದರೆ ರದ್ದು ಬೇಡ, ಮಿಕ್ಸಿಯ ಕಂತು ಬೌನ್ಸ್ ಆಗುತ್ತದೆ. ಎರಡೂ ಸಾಲದ ನಂಬರ್ ಹಿಡಿದು ಕಂಪನಿಯಲ್ಲಿ ಮೊದಲು ವಿಚಾರಿಸಿ, ಅವರು ಏನು ಹೇಳಿದರು ಅಂತ ಇಲ್ಲಿ ಬರೆಯಿರಿ.